ಹಂದಿ ಕೈಮಾ ಉಂಡೆಯ ಒಳಗಿನ ಬಿಸಿ

ಕೇಳುಗರಿಗೆ ನಮಸ್ಕಾರ.

ಹೋದ ಭಾನುವಾರ ಮನೆಯಲ್ಲಿ ಹಂದಿ ಕೈಮಾ ಉಂಡೆ ಮಾಡಿದ್ದೆ. ಶುಂಠಿ, ಬೆಳ್ಳುಳ್ಳಿ, ಹಸಿಮೆಣಸು, ಹುರಿಗಡಲೆ ಪುಡಿ ಹಾಕಿ ಕಲಸಿ, ಎಣ್ಣೆಗೆ ಬಿಟ್ಟೆ. ಹೊರಗೆ ಚೆನ್ನಾಗಿ ಕೆಂಪಗಾಯಿತು. ಬೆಂದಿತು ಅಂತ ತೆಗೆದು, ಅಡುಗೆ ಥರ್ಮಾಮೀಟರಿನ ಕಡ್ಡಿ ಚುಚ್ಚಿ ನೋಡಿದರೆ, ನಟ್ಟನಡುವೆ ಬರೀ 59 ಡಿಗ್ರಿ ಸೆಲ್ಸಿಯಸ್!

ಎಷ್ಟು ಬರಬೇಕಿತ್ತು? ಅಮೆರಿಕದ ಕೃಷಿ ಇಲಾಖೆಯ ಲೆಕ್ಕ ಹೇಳುತ್ತೇನೆ. ಹಂದಿಯಾಗಲಿ, ಕುರಿಯಾಗಲಿ, ಇಡೀ ತುಂಡಾದರೆ ಒಳಗೆ 63 ಡಿಗ್ರಿ ಬಂದರೆ ಸಾಕು. ಆದರೆ ಒಲೆಯಿಂದ ಇಳಿಸಿ 3 ನಿಮಿಷ ಹಾಗೇ ಬಿಡಬೇಕು. ಕೋಳಿಗೆ 74 ಬೇಕು. ಕೈಮಾ ಮಾಡಿದ ಹಂದಿ, ಕುರಿ ಮಾಂಸಕ್ಕೆ 71.

ಆ 3 ನಿಮಿಷ ಯಾಕೆ? ರೋಗಾಣು ಸಾಯುವುದು ಬಿಸಿಯಿಂದ ಮಾತ್ರ ಅಲ್ಲ, ಆ ಬಿಸಿ ಎಷ್ಟು ಹೊತ್ತು ಇತ್ತು ಅನ್ನುವುದರಿಂದಲೂ. 63ರಲ್ಲಿ ಸ್ವಲ್ಪ ಹೊತ್ತು ಹಿಡಿಯುತ್ತದೆ, 74ರಲ್ಲಿ ಕ್ಷಣದಲ್ಲೇ ಮುಗಿಯುತ್ತದೆ. ಕೋಳಿಯಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಅನ್ನುವ ರೋಗಾಣುಗಳು ಜಾಸ್ತಿ. ಅದಕ್ಕೇ ಅಲ್ಲಿ ಕಾಯುವ ಮಾತಿಲ್ಲ, ನೇರವಾಗಿ 74.

ಈಗ ಹಂದಿ ಕೈಮಾಕ್ಕೆ ಬರೋಣ. ಇಡೀ ತುಂಡಿನಲ್ಲಿ ರೋಗಾಣುಗಳು ಹೆಚ್ಚಾಗಿ ಮೇಲ್ಮೈಯಲ್ಲೇ ಇರುತ್ತವೆ. ಬಾಣಲೆಯ ಬಿಸಿ ಮೊದಲು ತಟ್ಟುವುದೂ ಅಲ್ಲಿಗೇ. ಆದರೆ ಕೈಮಾ ಕೊಚ್ಚುವಾಗ ಮೇಲಿದ್ದದ್ದೆಲ್ಲ ಒಳಗೆ ಹೋಗಿ ಬೆರೆಯುತ್ತದೆ. ಯಂತ್ರದ ಬ್ಲೇಡಿನಲ್ಲಿ ಉಳಿದದ್ದೂ ಸೇರುತ್ತದೆ. ಹಾಗಾಗಿ ಉಂಡೆಯ ನಡುಭಾಗ, ಅಂದರೆ ಕೊನೆಗೆ ಬಿಸಿಯಾಗುವ ಜಾಗವೇ, ಅಪಾಯದ ಜಾಗ.

ಹಂದಿಯಲ್ಲಿ ಇನ್ನೊಂದು ತೊಂದರೆ ಲಾಡಿಹುಳು. ಅದರ ಮರಿಗಳು ಮಾಂಸದೊಳಗೆ ಸಣ್ಣ ಬಿಳಿ ಗುಳ್ಳೆಗಳ ಹಾಗೆ ಕೂತಿರುತ್ತವೆ. ತುಂಡು ಮಾಂಸದಲ್ಲಿ ಕೊಯ್ಯುವಾಗ ಕಣ್ಣಿಗೆ ಬೀಳಬಹುದು. ಕೊಚ್ಚಿದ ಮೇಲೆ ಗುರುತು ಹಿಡಿಯುವುದು ಹೇಗೆ, ಹೇಳಿ? ಅದಕ್ಕೇ ನಾನು ತುಂಡು ತಂದು, ನೋಡಿ, ಮನೆಯಲ್ಲೇ ಕೊಚ್ಚಿಕೊಳ್ಳುತ್ತೇನೆ.

ಬಣ್ಣವನ್ನಂತೂ ನಂಬಬೇಡಿ. ಕೈಮಾ ಸರಿಯಾಗಿ ಬೇಯುವ ಮೊದಲೇ ಕಂದಾಗಬಹುದು, ಬೆಂದ ಮೇಲೂ ಗುಲಾಬಿಯಾಗೇ ಉಳಿಯಬಹುದು. ಥರ್ಮಾಮೀಟರಿನ ತುದಿ ಎಲ್ಲಕ್ಕಿಂತ ದಪ್ಪ ಉಂಡೆಯ ನಡುವೆ ಇರಬೇಕು. ಪಾತ್ರೆಗೆ ತಾಗಿದರೆ ಲೆಕ್ಕ ತಪ್ಪುತ್ತದೆ. ತುಂಡು ಮಾಂಸದಲ್ಲಿ ಮೂಳೆಗೂ ತಾಗಬಾರದು.

ನನ್ನ ಉಂಡೆಗಳನ್ನು ಕುದಿಯುವ ಮಸಾಲೆಗೆ ಹಾಕಿ, ಮುಚ್ಚಳ ಮುಚ್ಚಿ, 10 ನಿಮಿಷ ಬೇಯಿಸಿದೆ. ಮತ್ತೆ ದಪ್ಪದ್ದನ್ನೇ ಆರಿಸಿ ಚುಚ್ಚಿದೆ. 76 ತೋರಿಸಿತು. ಆಮೇಲೆ ಬಡಿಸಿದೆ. ಈಗ ಉಂಡೆಯನ್ನು ನಿಂಬೆಹಣ್ಣಿಗಿಂತ ದಪ್ಪ ಕಟ್ಟುವುದಿಲ್ಲ.

ಇನ್ನೊಂದು ಮಾತು. ಉಪ್ಪು ಸರಿಯಿದೆಯಾ ಅಂತ ಕಲಸಿದ ಹಸಿ ಕೈಮಾವನ್ನು ನಾಲಿಗೆಗೆ ತಾಗಿಸಿ ನೋಡುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಬೇಡ. ಒಂದು ಚಿಟಿಕೆಯಷ್ಟನ್ನು ತೆಳ್ಳಗೆ ತಟ್ಟಿ, ಬಾಣಲೆಯಲ್ಲಿ ಪೂರ್ತಿ ಬೇಯಿಸಿ, ಆಮೇಲೆ ರುಚಿ ನೋಡಿ. ನಮಸ್ಕಾರ.