ಮೊದಲು ಗುಂಡಿಯ ಲೆಕ್ಕ, ಆಮೇಲೆ ಓಟದ್ದು

ನಮಸ್ಕಾರ ಕೇಳುಗರೇ. ಹಾಸನ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ನಾನು ಪಿ.ಟಿ. ಮೇಷ್ಟ್ರು. ಒಂದು ವರ್ಷ ನಮ್ಮ ಕ್ರೀಡಾಕೂಟದಲ್ಲಿ 100 ಮೀಟರ್ ಫೈನಲ್ ಓಡಿಸುವಾಗ ಸಂಜೆ ಐದೂವರೆ ಆಗಿತ್ತು. ಹಳ್ಳಿ ಕಡೆಯ ಬಸ್ಸು ನಾಲ್ಕೂವರೆಗೇ ಹೊರಟಿತ್ತು, ಫೈನಲಿಗೆ ಬಂದಿದ್ದ 6 ಹುಡುಗರಲ್ಲಿ ಇಬ್ಬರು ಅದೇ ಬಸ್ಸಿನಲ್ಲಿ ಮನೆಗೆ ಹೋಗಿಬಿಟ್ಟಿದ್ದರು. ಗೆರೆ ಮೇಲೆ ನಿಂತಿದ್ದು ನಾಲ್ಕೇ ಜನ. ಅವತ್ತು ನನಗೆ ತುಂಬಾ ಬೇಜಾರಾಯಿತು.

ಆ ರಾತ್ರಿ ಕೂತು ನೋಡಿದಾಗ ತಪ್ಪು ಎಲ್ಲಿ ಅಂತ ಗೊತ್ತಾಯಿತು. ಓಟಗಳಿಗೆಲ್ಲ ಟೈಮ್ ಬರೆದಿದ್ದೆ, ಲಾಂಗ್ ಜಂಪಿಗೆ ಮಾತ್ರ ಮಧ್ಯದಲ್ಲಿ ಎಲ್ಲೋ ಅರ್ಧ ಗಂಟೆ ಕೊಟ್ಟಿದ್ದೆ. ಓಟ ಹೆಚ್ಚು ಹೊತ್ತು ತಿನ್ನಲ್ಲ. ದಿನವನ್ನು ನುಂಗೋದು ಮರಳಿನ ಗುಂಡಿ.

ಲೆಕ್ಕ ನೋಡಿ. ಲಾಂಗ್ ಜಂಪಿಗೆ 20 ಹುಡುಗರು, ಒಂದೇ ಗುಂಡಿ. ಪ್ರತಿಯೊಬ್ಬರಿಗೂ 3 ಅವಕಾಶ, ಅಂದರೆ 60 ಜಿಗಿತ. ಹೆಸರು ಕರೆದ ಮೇಲೆ 1 ನಿಮಿಷದೊಳಗೆ ಓಡಲು ಶುರು ಮಾಡಬೇಕು ಅಂತ ನಮ್ಮಲ್ಲಿ ಕಟ್ಟುನಿಟ್ಟು. ಹೆಚ್ಚಿನವರು ಅದಕ್ಕೂ ಮೊದಲೇ ಓಡ್ತಾರೆ, ಆದರೆ ಟೇಪ್ ಹಿಡಿದು ಅಳೆಯಬೇಕು, ಬರೆಯಬೇಕು, ಮರಳು ಸಮ ಮಾಡಬೇಕು. ಎಲ್ಲ ಸೇರಿ ಒಂದು ಜಿಗಿತಕ್ಕೆ ಒಂದೂವರೆ ನಿಮಿಷ, 60 ಜಿಗಿತಕ್ಕೆ ಒಂದೂವರೆ ಗಂಟೆ. ಆಮೇಲೆ ಮುಂದಿರುವ 8 ಜನಕ್ಕೆ ಇನ್ನೂ 3 ಅವಕಾಶ, ಅದಕ್ಕೆ 36 ನಿಮಿಷ. ಹಾಗಾಗಿ ಈಗ ನಾನು ಬೆಳಿಗ್ಗೆ 9:30ಕ್ಕೇ ಗುಂಡಿ ಶುರು ಮಾಡಿಸ್ತೇನೆ. ಮುಗಿಯೋದು 11:36ಕ್ಕೆ.

ಇನ್ನು 100 ಮೀಟರ್. 34 ಹುಡುಗರು, 6 ಲೇನು, 6 ಹೀಟ್ಸ್. ಕರೆದು ಲೇನಿನಲ್ಲಿ ನಿಲ್ಲಿಸಿ, ಓಡಿಸಿ, ಹೆಸರು ಬರೆದುಕೊಳ್ಳುವುದಕ್ಕೆ ಒಂದೊಂದಕ್ಕೆ 4 ನಿಮಿಷ ಹಿಡೀರಿ. 10 ಗಂಟೆಗೆ ಶುರುವಾದರೆ 10:24ಕ್ಕೆ ಮುಗೀತು. ಪ್ರತಿ ಹೀಟ್ಸಿನಲ್ಲಿ ಗೆದ್ದವನು ಫೈನಲಿಗೆ. ಇಲ್ಲಿ ಒಂದು ಜಾಗ್ರತೆ ಬೇಕು. ಜೋರಾಗಿ ಓಡುವ ಇಬ್ಬರು ಒಂದೇ ಹೀಟ್ಸಿಗೆ ಬಿದ್ದರೆ ಒಬ್ಬನಿಗೆ ಅನ್ಯಾಯ ಆಗುತ್ತೆ ಅಲ್ವಾ? ಅದಕ್ಕೆ ಹಿಂದಿನ ವಾರವೇ ಡ್ರಿಲ್ ಪೀರಿಯಡ್ಡಿನಲ್ಲಿ ಎಲ್ಲರ ಟೈಮ್ ತೆಗೆದು, ಮೊದಲ 6 ಜನರನ್ನು 1ರಿಂದ 6ನೇ ಹೀಟ್ಸಿಗೆ ಒಬ್ಬೊಬ್ಬರಂತೆ ಹಾಕ್ತೇನೆ. 7ನೆಯವನು 6ನೇ ಹೀಟ್ಸಿಗೆ, 8ನೆಯವನು 5ನೆಯದಕ್ಕೆ, ಹೀಗೆ ಹಾವು ತಿರುಗಿದ ಹಾಗೆ ಹಿಂದಕ್ಕೆ ಬರೋದು.

ಗೆದ್ದವರ ಬದಲು ಸ್ಟಾಪ್ ವಾಚ್ ನೋಡಿ ಒಳ್ಳೆ ಟೈಮಿನ 6 ಜನರನ್ನು ಆರಿಸಬಹುದಲ್ಲ ಅಂತ ಕೇಳ್ತಾರೆ. ನಾನು ಒಪ್ಪೋದಿಲ್ಲ. ಕೈಯಲ್ಲಿ ಒತ್ತುವ ವಾಚು ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಥರ. ಪಿಸ್ತೂಲಿನ ಹೊಗೆ ನೋಡಿ ಒತ್ತಬೇಕು. ಶಬ್ದ ಕೇಳಿ ಒತ್ತಿದರೆ, 100 ಮೀಟರ್ ದೂರಕ್ಕೆ ಆ ಶಬ್ದ ಬರೋದಕ್ಕೇ ಸೆಕೆಂಡಿನ ಹತ್ತರಲ್ಲಿ ಸುಮಾರು 3 ಭಾಗ ಹೋಗಿರುತ್ತೆ. ಹುಡುಗರ ನಡುವಿನ ಅಂತರ ಎಷ್ಟೋ ಸಲ ಅದಕ್ಕಿಂತ ಕಮ್ಮಿ.

ಹೀಟ್ಸ್ ಮುಗಿದು ಫೈನಲ್ ಶುರುವಾಗುವ ಮಧ್ಯೆ 45 ನಿಮಿಷ ಕೊಡಬೇಕು, ಅಥ್ಲೆಟಿಕ್ಸ್ ನಿಯಮದಲ್ಲೂ 200 ಮೀಟರ್‌ವರೆಗಿನ ಓಟಕ್ಕೆ ಅಷ್ಟೇ ಇದೆ. ಆ ಲೆಕ್ಕದಲ್ಲಿ ನಾನು ಮೊದಲು ಫೈನಲನ್ನು 11:30ಕ್ಕೆ ಬರೆದೆ. ಆಗಲೇ ಸಿಕ್ಕಿಕೊಂಡದ್ದು. ನಮ್ಮಲ್ಲಿ ಚೆನ್ನಾಗಿ ಓಡುವ ಹುಡುಗರೇ ಚೆನ್ನಾಗಿ ಜಿಗಿಯೋದು, ಆ ಹೊತ್ತಿಗೆ ಅವರು ಗುಂಡಿ ಹತ್ತಿರ ಕೊನೆ ಜಿಗಿತಕ್ಕೆ ಕಾಯ್ತಿರ್ತಾರೆ. ಅದಕ್ಕೆ ಫೈನಲ್ 12 ಗಂಟೆಗೆ ಹೋಯಿತು. ಬೆಳಿಗ್ಗೆ ಹೀಟ್ಸಿಗೆ ಓಡುವ ಹುಡುಗ ಗುಂಡಿಯ ಮೇಷ್ಟ್ರಿಗೆ ಹೇಳಿ ಹೋಗಬೇಕು, ವಾಪಸ್ ಬಂದಾಗ ಅದೇ ಸುತ್ತು ನಡೀತಿದ್ದರೆ ಅವನ ಸರದಿ ದಾಟಿದ್ದರೂ ಜಿಗಿಯಲು ಬಿಡ್ತೇವೆ. ಸುತ್ತು ಮುಗಿದುಹೋಗಿದ್ದರೆ ಆ ಅವಕಾಶ ಹೋದಂಗೆ. ಇದನ್ನು ಪ್ರಾರ್ಥನೆ ಹೊತ್ತಿನಲ್ಲೇ ಮೈಕಿನಲ್ಲಿ ಹೇಳಿಬಿಡಿ, ಆಮೇಲೆ ಜಗಳ ಇರಲ್ಲ.

ಇನ್ನು ಜನ. ನಮ್ಮ ಶಾಲೆಯಲ್ಲಿ ನಾನೂ ಸೇರಿ 9 ಜನ ಮೇಷ್ಟ್ರು, ಮೇಡಮ್ಮುಗಳು. ಓಟಕ್ಕೆ ಸ್ಟಾರ್ಟರ್ ಒಬ್ಬರು, ಮಕ್ಕಳನ್ನು ಕರೆದು ನಿಲ್ಲಿಸುವವರು ಒಬ್ಬರು, ಕೊನೆ ಗೆರೆಯಲ್ಲಿ ಮೂವರು, ಬರೆಯೋಕೆ ಒಬ್ಬರು. ಗುಂಡಿಗೆ ಹಲಗೆ ತುಳಿದದ್ದು ನೋಡೋಕೆ, ಟೇಪ್ ಹಿಡಿಯೋಕೆ, ಬರೆಯೋಕೆ ಮೂವರು. ಟೇಪಿನ ಇನ್ನೊಂದು ತುದಿಗೆ, ಮರಳು ಎಳೆಯೋದಕ್ಕೆ ಹತ್ತನೇ ಕ್ಲಾಸಿನ ಮಕ್ಕಳು. ಅಲ್ಲಿಗೆ 9 ಜನ ಮುಗಿದರು, ಮೂರನೇ ಆಟಕ್ಕೆ ಯಾರೂ ಇಲ್ಲ. ಗುಂಡೆಸೆತವನ್ನು ಅದಕ್ಕೇ 10:30ಕ್ಕೆ ಇಟ್ಟದ್ದು, ಹೀಟ್ಸ್ ಮುಗಿಸಿದ ಮೂವರು ನೇರ ಅಲ್ಲಿಗೆ ನಡೀತಾರೆ.

ನಿಮ್ಮ ಶಾಲೆಯಲ್ಲಿ ಹುಡುಗರು ಜಾಸ್ತಿ ಇರಬಹುದು, ಲೇನು ಕಮ್ಮಿ ಇರಬಹುದು. ಲೆಕ್ಕ ಬದಲಾಗುತ್ತೆ, ಹಾಕುವ ಕ್ರಮ ಇದೇ: ಮೊದಲು ಗುಂಡಿ, ಆಮೇಲೆ ಜನ, ಕೊನೆಗೆ ಓಟ. ನಮ್ಮಲ್ಲಿ ಈ ಸಲ ರಿಲೇ 3 ಗಂಟೆಗೆ, ಬಹುಮಾನ ಮೂರೂವರೆಗೆ. ನಾಲ್ಕೂವರೆ ಬಸ್ಸಿಗೆ ಮಕ್ಕಳೆಲ್ಲ ಹತ್ತಬೇಕು. ನಮಸ್ಕಾರ.