ಒಂದು ಕಮೋಡಿಗೆ ಒಂದೇ ಟ್ರ್ಯಾಪ್

ಕೇಳುಗರೇ, ನಮಸ್ಕಾರ. ಕಮೋಡ್ ಮತ್ತು ಫ್ಲಶ್ ಟ್ಯಾಂಕ್ ಕೂರಿಸುವುದು ಹೇಗೆ ಅಂತ ಹೇಳಲು ನನ್ನನ್ನು ಕರೆದಿದ್ದಾರೆ. ಕೊಳಾಯಿ ಕೆಲಸ ಈಗಷ್ಟೇ ಕಲಿಯುತ್ತಿರುವವರು, ಮನೆಯ ಕೆಲಸವನ್ನು ಎದುರು ನಿಂತು ಮಾಡಿಸುವವರು, ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡುತ್ತೇನೆ. ಬೇರೆ ಏನು ಮರೆತರೂ ಪರವಾಗಿಲ್ಲ, ಒಂದು ಮಾತು ನೆನಪಿಡಿ. ಒಂದು ಕಮೋಡಿಗೆ ಒಂದೇ ಟ್ರ್ಯಾಪ್.

ಟ್ರ್ಯಾಪ್ ಅಂದರೆ ನೀರು ನಿಲ್ಲುವ ಬಾಗು. ಕಮೋಡಿನೊಳಗೆ ಯಾವಾಗಲೂ ಸ್ವಲ್ಪ ನೀರು ನಿಂತಿರುತ್ತದೆ, ಅಲ್ವಾ? ಆ ನೀರೇ ಬಾಗಿಲು. ಚರಂಡಿಯ ಗಾಳಿ ಅದನ್ನು ದಾಟಿ ಮನೆಯೊಳಗೆ ಬರಲಾರದು. ಈ ನೀರಿನ ತಡೆ ಸುಮಾರು 5 ಸೆಂಟಿಮೀಟರ್ ಆಳ ಇದ್ದರೆ ಸಾಕು. ಇದು ಪಿಂಗಾಣಿಯಲ್ಲೇ ಸೇರಿಕೊಂಡು ಬಂದಿರುತ್ತದೆ. ಕಮೋಡಿನಿಂದ ನೀರು ಹೊರಹೋಗುವ ಬಾಯಿ ನೆಲದ ಕಡೆ ಇದ್ದರೆ ಎಸ್ ಟ್ರ್ಯಾಪ್, ಹಿಂದಿನ ಗೋಡೆಯ ಕಡೆ ಇದ್ದರೆ ಪಿ ಟ್ರ್ಯಾಪ್. ಎರಡರಲ್ಲೂ ಬಾಗು ಒಳಗೇ ಇದೆ. ಕೆಳಗೆ ಇನ್ನೊಂದು ಬೇಡ.

ಬೇಡ ಅಂತ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಪರಿಚಯದವರೊಬ್ಬರು ಮನೆಯ ಹಳೆಯ ಕುಕ್ಕರಗಾಲಿನ ಪ್ಯಾನ್ ತೆಗೆಸಿ, ಅದೇ ಜಾಗದಲ್ಲಿ ಕಮೋಡ್ ಹಾಕಿಸಿದರು. ಮೊದಲ ದಿನದಿಂದಲೇ ತೊಂದರೆ. ಫ್ಲಶ್ ಒತ್ತಿದರೆ ನೀರು ಅಂಚಿನವರೆಗೆ ಏರುತ್ತಿತ್ತು. ಆಮೇಲೆ ಗುಳುಗುಳು ಅಂತ ಗುಳ್ಳೆ ಬಿಟ್ಟುಕೊಂಡು ನಿಧಾನಕ್ಕೆ ಇಳಿಯುತ್ತಿತ್ತು. ಹೋಗಬೇಕಾದದ್ದು ಅರ್ಧ ಹೋಗಿ, ಅರ್ಧ ಅಲ್ಲೇ ಉಳಿಯುತ್ತಿತ್ತು. "ಟ್ಯಾಂಕಿಗೆ ಜೋರಿಲ್ಲ ಸಾರ್" ಅಂದರು ಕೆಲಸದವರು. ದೊಡ್ಡ ಟ್ಯಾಂಕ್ ಬಂತು. ನೀರು ಇನ್ನೂ ಮೇಲಕ್ಕೆ ಏರಿತು, ಅಷ್ಟೇ. ಆಮೇಲೆ ಕಮೋಡನ್ನೇ ಬದಲಾಯಿಸಿದರು. ಅದೇ ಗುಳುಗುಳು.

ನನ್ನನ್ನು ಕರೆದಾಗ ನಾನು ಟ್ಯಾಂಕಿನ ಮುಚ್ಚಳವನ್ನೂ ತೆಗೆಯಲಿಲ್ಲ. ಒಂದು ಬಕೆಟ್ ನೀರು ತರಿಸಿ, ಕಮೋಡಿನೊಳಗೆ ಒಂದೇ ಸಲಕ್ಕೆ ಸುರಿದೆ. ಟ್ಯಾಂಕಿನದೇ ತಪ್ಪಾಗಿದ್ದರೆ ಬಕೆಟ್ಟಿನ ನೀರು ಸರ‍್ರನೆ ಹೋಗಬೇಕಿತ್ತು. ಅದೂ ಏರಿತು, ಅದೂ ಗುಳುಗುಳು ಅಂದಿತು. ಅಂದಮೇಲೆ ತೊಂದರೆ ಇರುವುದು ಟ್ಯಾಂಕಿನಿಂದ ಕೆಳಗೆ. ಈ ಪರೀಕ್ಷೆಗೆ ಖರ್ಚಿಲ್ಲ, ಒಂದು ನಿಮಿಷ ಸಾಕು. ದಯವಿಟ್ಟು ಇದನ್ನು ಮಾಡದೆ ಟ್ಯಾಂಕನ್ನು ದೂರಬೇಡಿ.

ಕಮೋಡನ್ನು ಎತ್ತಿಸಿ, ನೆಲದ ಪೈಪಿನೊಳಗೆ ಟಾರ್ಚ್ ಬಿಟ್ಟು ನೋಡಿದೆವು. ಒಂದು ಗೇಣು ಕೆಳಗೆ ನೀರು ಮಿನುಗುತ್ತಿತ್ತು. ಅಲ್ಲಿ ನೀರು ನಿಂತಿದೆ ಅಂದರೆ ಅಲ್ಲೊಂದು ಬಾಗು ಇದೆ. ಹಳೆಯ ಪ್ಯಾನಿಗೆ ತನ್ನದೇ ಟ್ರ್ಯಾಪ್ ಇರಲಿಲ್ಲ. ಹಾಗಾಗಿ ಅದರ ಟ್ರ್ಯಾಪನ್ನು ನೆಲದೊಳಗೆ ಹೂತಿದ್ದರು. ಪ್ಯಾನ್ ಹೋಯಿತು, ಟ್ರ್ಯಾಪ್ ಉಳಿಯಿತು. ಅದರ ಮೇಲೆ ಟ್ರ್ಯಾಪ್ ಇರುವ ಕಮೋಡ್ ಬಂದು ಕೂತಿತು.

ಈಗ ಕಣ್ಣು ಮುಚ್ಚಿ ಊಹಿಸಿಕೊಳ್ಳಿ. ಮೇಲೆ ಕಮೋಡಿನ ನೀರು, ಕೆಳಗೆ ಹಳೆಯ ಟ್ರ್ಯಾಪಿನ ನೀರು. ನಡುವೆ ಸಿಕ್ಕಿಬಿದ್ದ ಗಾಳಿ. ಫ್ಲಶ್ಶಿನ ನೀರು ಕೆಳಗೆ ಬರಬೇಕಾದರೆ ಆ ಗಾಳಿ ಜಾಗ ಬಿಡಬೇಕು. ಅದಕ್ಕೆ ಹೋಗಲು ದಾರಿಯೇ ಇಲ್ಲ. ಹಾಗಾಗಿ ಬರುವ ನೀರನ್ನು ವಾಪಸ್ ತಳ್ಳುತ್ತದೆ, ಗುಳ್ಳೆಯಾಗಿ ಮೇಲೆ ಬರುತ್ತದೆ. ನೀರಿನ ರಭಸವೆಲ್ಲ ಅಲ್ಲೇ ಸಾಯುತ್ತದೆ. ಎಷ್ಟು ದೊಡ್ಡ ಟ್ಯಾಂಕ್ ತಂದರೂ ಇದು ಸರಿಹೋಗುವುದಿಲ್ಲ. ನೆಲ ಒಡೆದು ಆ ಹಳೆಯ ಟ್ರ್ಯಾಪ್ ತೆಗೆದೆವು. ಅದರ ಜಾಗಕ್ಕೆ ನೀರು ನಿಲ್ಲದಂತಹ ಸಾದಾ ಬೆಂಡ್ ಹಾಕಿದೆವು. ಅದೇ ಕಮೋಡ್, ಮೊದಲಿನ ಅದೇ ಸಣ್ಣ ಟ್ಯಾಂಕ್. ಒಂದೇ ಫ್ಲಶ್ಶಿಗೆ ಎಲ್ಲ ಸಾಫ್! ಆ ಮನೆಯವರ ಮುಖ ನೋಡಬೇಕಿತ್ತು ನೀವು.

ನೆಲ ಒಡೆದಾಗ ಇನ್ನೊಂದು ವಿಷಯ ಕಂಡಿತು. ಚೇಂಬರ್, ಅಂದರೆ ಮನೆಯ ಹೊರಗಿನ ಚರಂಡಿ ಗುಂಡಿಯ ಕಡೆಗೆ ಹೋಗುವ 4 ಇಂಚಿನ ಪೈಪು ನಡುವೆ ಕುಸಿದು, ಅಲ್ಲೂ ನೀರು ನಿಂತಿತ್ತು. ಪೈಪಿಗೆ ಒಂದು ಮೀಟರಿಗೆ ಎರಡೂವರೆ ಸೆಂಟಿಮೀಟರ್ ಇಳಿಜಾರು ಕೊಡಿ. ಅಲ್ಲಿ ಪೈಪಿನ ಉದ್ದ 3 ಮೀಟರ್. ಅಂದರೆ ಈ ತುದಿಯಿಂದ ಆ ತುದಿಗೆ ಏಳೂವರೆ ಸೆಂಟಿಮೀಟರ್ ಇಳಿಯಬೇಕು. ಕಣ್ಣಳತೆ ನಂಬಬೇಡಿ. ಒಂದು ಮೀಟರ್ ಉದ್ದದ ನೇರ ಪಟ್ಟಿ ತಗೊಳ್ಳಿ. ಅದರ ಒಂದು ತುದಿಯ ಕೆಳಗೆ ಎರಡೂವರೆ ಸೆಂಟಿಮೀಟರ್ ದಪ್ಪದ ಮರದ ತುಂಡು ಕಟ್ಟಿ. ತುಂಡಿರುವ ತುದಿ ಚೇಂಬರ್ ಕಡೆಗೆ ಬರುವಂತೆ ಪೈಪಿನ ಮೇಲಿಟ್ಟು, ಪಟ್ಟಿಯ ಮೇಲೆ ರಸಮಟ್ಟ ಇಡಿ. ಗುಳ್ಳೆ ನಡುವೆ ನಿಂತರೆ ಇಳಿಜಾರು ಸರಿ. ಪೈಪಿನ ಉದ್ದಕ್ಕೂ ಹೀಗೆ ನೋಡುತ್ತಾ ಹೋಗಿ. ಪೈಪಿನ ಕೆಳಗೆ ಮಣ್ಣು ಟೊಳ್ಳಾಗಿದ್ದರೆ ಮುಂದೆ ಕುಸಿಯುತ್ತದೆ. ಕುಸಿದ ಜಾಗದಲ್ಲಿ ನೀರು, ಕಸ ಎರಡೂ ನಿಲ್ಲುತ್ತವೆ. ಹಾಗಾಗಿ ಮೊದಲೇ ಗಟ್ಟಿಯಾಗಿ ದಮ್ಮಸ್ಸು ಮಾಡಿಸಿ.

ಸಮಯ ಓಡುತ್ತಿದೆ, ಕಮೋಡ್ ಕೂರಿಸುವುದನ್ನು ಬೇಗ ಹೇಳುತ್ತೇನೆ. ಎಸ್ ಟ್ರ್ಯಾಪ್ ಆದರೆ ಗೋಡೆಯಿಂದ ನೆಲದ ತೂತಿನ ನಡುಭಾಗಕ್ಕೆ ಎಷ್ಟು ದೂರ ಅಂತ ಅಳೆಯಿರಿ. ಈ ಅಳತೆ ಟೈಲ್ಸ್ ಹಾಕಿದ ಗೋಡೆಯಿಂದ. ಕಮೋಡ್ 23 ಸೆಂಟಿಮೀಟರ್ ಕೇಳುತ್ತದೆ, ಗಾರೆ ಮತ್ತು ಟೈಲ್ಸ್ ಸೇರಿ ಎರಡೂವರೆ ಬರುತ್ತದೆ ಅಂದುಕೊಳ್ಳಿ. ಹಾಗಾದರೆ ಬರೀ ಇಟ್ಟಿಗೆ ಗೋಡೆಯಿಂದ ಇಪ್ಪತ್ತೈದೂವರೆಗೆ ಗುರುತು ಹಾಕಿ. ಕಮೋಡ್ ಕೊಂಡ ಮೇಲೆಯೇ ಪೈಪಿನ ಜಾಗ ಗೊತ್ತು ಮಾಡಿ.

ಆಮೇಲೆ ಕಮೋಡನ್ನು ಸುಮ್ನೆ ಒಂದು ಸಲ ಒಣಗೇ ಇಟ್ಟು ನೋಡಿ. ಅಲುಗದೆ ನಿಂತರೆ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, ಸ್ಕ್ರೂ ಜಾಗ ಗುರುತಿಸಿ, ಎತ್ತಿಟ್ಟು ತೂತು ಕೊರೆಯಿರಿ. ಅಡಿಯಲ್ಲಿ ನೀರಿನ ಪೈಪ್ ಇಲ್ಲ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಟೈಲ್ಸ್ ದಾಟುವವರೆಗೆ ಡ್ರಿಲ್ಲಿನ ಹ್ಯಾಮರ್ ಹಾಕಬೇಡಿ, ಟೈಲ್ಸ್ ಸೀಳುತ್ತದೆ. ಕಮೋಡಿನ ಬಾಯಿಗೂ ಪೈಪಿಗೂ ನಡುವೆ ರಬ್ಬರ್ ಕನೆಕ್ಟರ್ ಬರಲಿ. ಬುಡಕ್ಕೆ ಸಿಮೆಂಟ್ ಮೆತ್ತಬೇಡಿ! ಮುಂದೆ ತೆಗೆಯಬೇಕಾದರೆ ಪಿಂಗಾಣಿ ಒಡೆಯದೆ ಬರುವುದಿಲ್ಲ. ತುಕ್ಕು ಹಿಡಿಯದ ಸ್ಕ್ರೂ, ಅದಕ್ಕೆ ಪ್ಲಾಸ್ಟಿಕ್ ವಾಷರ್ ಸಾಕು. ಎರಡೂ ಕಡೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ, ಹಿಡಿತ ಸಿಕ್ಕ ತಕ್ಷಣ ನಿಲ್ಲಿಸಿ. ಸುತ್ತ ಸಿಲಿಕಾನ್ ಹಚ್ಚುವಾಗ ಹಿಂಭಾಗದಲ್ಲಿ ಎರಡು ಬೆರಳಷ್ಟು ಜಾಗ ಬಿಡಿ. ಕೀಲಿನಲ್ಲಿ ಸೋರಿದರೆ ನೀರು ಅಲ್ಲಿಂದ ಹೊರಗೆ ಬಂದು ಕಾಣಿಸುತ್ತದೆ.

ಟ್ಯಾಂಕಿನ ಬಗ್ಗೆ ಒಂದೇ ನಿಮಿಷ ಉಳಿದಿದೆ. ಒಳಗೆ ನೀರು ಹೆಚ್ಚಾದರೆ ಇಳಿದುಹೋಗಲು ಒಂದು ಕೊಳವೆ ನಿಂತಿರುತ್ತದೆ. ನೀರಿನ ಮಟ್ಟ ಅದರ ಬಾಯಿಗಿಂತ ಒಂದು ಇಂಚು ಕೆಳಗೆ ನಿಲ್ಲುವಂತೆ ತೇಲುವ ಬುರುಡೆಯನ್ನು ಹೊಂದಿಸಿ. ಆಮೇಲೆ ಟ್ಯಾಂಕಿಗೆ ಸ್ವಲ್ಪ ಬಣ್ಣ ಹಾಕಿ, ಅರ್ಧ ಗಂಟೆ ಫ್ಲಶ್ ಒತ್ತಬೇಡಿ. ಕಮೋಡಿನೊಳಗೆ ಬಣ್ಣ ಕಂಡರೆ ಟ್ಯಾಂಕಿನ ತಳದ ರಬ್ಬರ್ ಸರಿಯಾಗಿ ಕೂತಿಲ್ಲ, ಅದನ್ನು ಬಿಚ್ಚಿ ಒರೆಸಿ ಮತ್ತೆ ಕೂರಿಸಿ. ಬಣ್ಣ ಕಾಣಲಿಲ್ಲ, ಆದರೂ ಫ್ಲಶ್ ಒತ್ತಿದರೆ ನೀರು ಏರಿ ಗುಳುಗುಳು ಅನ್ನುತ್ತದೆ ಅಂದರೆ ಬಕೆಟ್ ನೀರು ಸುರಿದು ನೋಡಿ. ಅದೂ ಏರಿದರೆ ಕಮೋಡ್ ಎತ್ತಿಸಿ, ಟಾರ್ಚ್ ಬಿಟ್ಟು ಪೈಪಿನೊಳಗೆ ನೋಡಿ. ನಮಸ್ಕಾರ.