ರಾಜ್ಯೋತ್ಸವದ ಸ್ಲೈಡು, ಪೇಜಿಗೊಂದು ವೇಷ

ಹಾಂ, ಇದು ನಮ್ ಅಪಾರ್ಟ್‌ಮೆಂಟ್ ಕನ್ನಡ ಬಳಗದ ರಾಜ್ಯೋತ್ಸವದ ಸ್ಲೈಡು, ಕ್ಯಾನ್ವಾದಲ್ಲಿ ಮಾಡ್ತಿರೋದು. ಟೆಂಪ್ಲೇಟ್ ಹುಡುಕೋದೆಲ್ಲ ಈ ಸ್ಕ್ರೀನ್ ರೆಕಾರ್ಡಿಂಗಲ್ಲೇ ಕಾಣ್ತಿದೆ, ಅದನ್ನ ಹೇಳಲ್ಲ. ನಾನು ಡಿಸೈನರ್ ಅಲ್ಲ, ಹಾಗಾಗಿ ಮೊದಲನೇ ಪೇಜ್ ಮಾತ್ರ ಕೂತು ಸರಿಯಾಗಿ ಮಾಡಿದೀನಿ, ಹಳದಿ, ಕುಂಕುಮದ ಕೆಂಪು, ಬಿಳಿ ಅಷ್ಟೇ ಬಣ್ಣ, ಮಿಕ್ಕಿದ್ದೆಲ್ಲ ಅದನ್ನೇ ಡೂಪ್ಲಿಕೇಟ್ ಮಾಡಿ ಅಕ್ಷರ, ಫೋಟೋ ಬದಲಾಯಿಸಿರೋದು. ಖಾಲಿ ಪೇಜ್ ತಗೊಂಡ್ರೋ, ಹೆಡ್ಡಿಂಗ್ ಒಂದ್ಕಡೆ ಮೇಲೆ ಒಂದ್ಕಡೆ ಕೆಳಗೆ ಹೋಗೋಕೆ ಶುರು.

ಈಗ ಈ 'ರಾಜ್ಯೋತ್ಸವ 2025' ಹೆಡ್ಡಿಂಗ್ ನೋಡಿ. ಎಡಿಟ್ ಲಿಂಕ್ ಕಮಿಟಿ ಗ್ರೂಪಲ್ಲಿ ಹಾಕಿದ್ವಿ, ಯಾರೋ ಪುಣ್ಯಾತ್ಮರು ಬಂದು ಬಳ್ಳಿ ಬಳ್ಳಿ ಇರೋ ಇಂಗ್ಲಿಷ್ ಫಾಂಟ್ ಹಾಕಿ ಹೋಗಿದಾರೆ. ಆ ಫಾಂಟಲ್ಲಿ ಕನ್ನಡ ಅಕ್ಷರಾನೇ ಇಲ್ಲ, ಹಾಗಾಗಿ ಕನ್ನಡಕ್ಕೆ ಬೇರೆ ಯಾವುದೋ ಫಾಂಟ್ ಬಂದು ಕೂತಿದೆ, ಆದ್ರೆ ಮೇಲೆ ಪಟ್ಟಿಯಲ್ಲಿ ತೋರಿಸ್ತಿರೋದು ಅದೇ ಬಳ್ಳಿ ಫಾಂಟಿನ ಹೆಸರು! ಕಂಡುಹಿಡಿಯೋದು ಸುಲಭ. ಬೇರೆ ಬೇರೆ ಇಂಗ್ಲಿಷ್ ಫಾಂಟ್ ಒತ್ತುತ್ತಾ ಹೋಗಿ, 'ರಾಜ್ಯೋತ್ಸವ' ಅನ್ನೋದು ಜಪ್ಪಯ್ಯ ಅಂದ್ರೂ ಬದಲಾಗದೆ 2025 ಮಾತ್ರ ವೇಷ ಬದಲಾಯಿಸ್ತಿದ್ರೆ, ಅಷ್ಟೇ, ಆ ಫಾಂಟ್‌ಗಳಿಗೆ ಕನ್ನಡ ಬರಲ್ಲ. ನಾನು ಹೆಡ್ಡಿಂಗಿಗೆ ಬಾಲೂ ತಮ್ಮ ಅನ್ನೋ ಕನ್ನಡ ಫಾಂಟ್ ಹಾಕಿದೀನಿ, ಒಳಗಿನ ಸಾಲಿಗೆ ನೋಟೋ ಸ್ಯಾನ್ಸ್ ಕನ್ನಡ, ಅಂಕಿಗೂ ಅದೇ. ಬಾಲೂ ತಮ್ಮ ಸ್ವಲ್ಪ ಗುಂಡು ಗುಂಡು, ಮಕ್ಕಳ ಪುಸ್ತಕದ ಥರ ಅಂತ ಮೊದ್ಲು ಬೈದಿದ್ದೆ, ಈಗ ಕಾರ್ಯಕ್ರಮದ ಹಾಲ್‌ನ ಕೊನೇ ಸಾಲಿಂದ ಓದೋಕೆ ಇದೇ ಚೆನ್ನಾಗಿದೆ ಅನ್ನಿಸ್ತಿದೆ.

ಇನ್ನು ಕೆಲವರು ನುಡಿ ಸಾಫ್ಟ್‌ವೇರಿನ ಹಳೇ ಫಾಂಟಲ್ಲಿ ಟೈಪ್ ಮಾಡಿದ್ದನ್ನ ಕಳಿಸ್ತಾರೆ, ಇಲ್ಲಿ ಪೇಸ್ಟ್ ಮಾಡಿದ್ರೆ ಮಂತ್ರವಾದಿ ಬರೆದ ಥರ ಇಂಗ್ಲಿಷ್ ಅಕ್ಷರ ಉದುರುತ್ತೆ, ಅದನ್ನ ಯೂನಿಕೋಡಿಗೆ ಕನ್ವರ್ಟ್ ಮಾಡ್ಕೊಂಡೇ ತರ್ಬೇಕು. ನಮ್ಮ ಬಹುಮಾನದ ಪಟ್ಟಿ ಪೂರ್ತಿ ಹಂಗೇ ಬಂದಿತ್ತು, ರಂಗೋಲಿ ಸ್ಪರ್ಧೆಗೆ ಸ್ಟೀಲ್ ಡಬ್ಬ ಕೊಡ್ತಾರಂತೆ, ಪ್ರತಿ ವರ್ಷ ಡಬ್ಬಾನೇ, ಅದು ಬಿಡಿ.

ಬಣ್ಣ. ಕಲರ್ ಪ್ಯಾನೆಲ್ ತೆಗೆದ್ರೆ ಮೇಲೆ Document colors ಅಂತ ಬರುತ್ತೆ. ನಮ್ಮದು ಮೂರೇ ಬಣ್ಣ ಇರ್ಬೇಕಿತ್ತು, ಇಲ್ಲಿ ಒಂದೇ ಥರ ಕಾಣೋ ಎರಡು ಕೆಂಪು ಇದಾವೆ ನೋಡಿ, ಒಂದು ನಮ್ಮ #B71C1C, ಇನ್ನೊಂದು ಸ್ಪಾನ್ಸರ್ ಪೇಜಿನ #B5201E. ಆ ಪೇಜನ್ನ ಯಾರೋ ಕಣ್ಣಳತೆಯಲ್ಲಿ ಮಾಡಿದ್ದು. ಅಲ್ಲಿ ಈ ತಪ್ಪು ಕೆಂಪು ಇರೋ ಒಂದು ಚೌಕ ಆರಿಸಿ, ಸರಿಯಾದ ಕೆಂಪು ಹಾಕಿದ ತಕ್ಷಣ ಕೆಳಗೆ Change all ಬರುತ್ತೆ, ಒತ್ತಿದ್ರೆ ಆ ಕಳ್ಳ ಕೆಂಪು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಹೋಗುತ್ತೆ. ಫೋಟೋ ಒಳಗಿನ ಬಣ್ಣಕ್ಕೆ ಇದು ಕೆಲಸ ಮಾಡಲ್ಲ, ಹಾಗಾಗಿ ಸ್ಪಾನ್ಸರ್ ಲೋಗೋಗಳಿಗೆಲ್ಲ ಹಿಂದೆ ಒಂದೇ ಅಳತೆಯ ಬಿಳಿ ಚೌಕ ಇಟ್ಬಿಟ್ಟೆ.

ಅಯ್ಯೋ ರೆಕಾರ್ಡಿಂಗ್ ಮುಗೀತಾ ಬಂತು. ಹಾಲ್‌ನ ಲ್ಯಾಪ್‌ಟಾಪಿಗೆ ಪಿಡಿಎಫ್ ಕೊಡ್ತೀನಿ, ಪವರ್‌ಪಾಯಿಂಟ್ ಫೈಲ್ ಕೊಟ್ರೆ ಆ ಮೆಷಿನಲ್ಲಿ ನಮ್ಮ ಫಾಂಟ್ ಇಲ್ಲ ಅಂದ್ರೆ ಮತ್ತೆ ಅಕ್ಷರ ಬದಲಾಗುತ್ತೆ. ಗ್ರೂಪಲ್ಲಿರೋ ಲಿಂಕನ್ನ ಈಗ್ಲೇ ವ್ಯೂ ಮಾತ್ರಕ್ಕೆ ಬದಲಾಯಿಸ್ತಿದೀನಿ, ಬೈಕೊಳ್ಳೋರು ಬೈಕೊಳ್ಲಿ.